ಎರಡು ಗೇಜು, ನಾಲ್ಕು ಥರ್ಮೋಕಪಲ್, ಒಂದಕ್ಕಿಂತ ಹೆಚ್ಚು ಉತ್ತರ

ಆವಿ ಸಂಕೋಚನ ಚಕ್ರವನ್ನು ಕಲಿಸುವ ಟ್ರೈನರ್‌ನಲ್ಲಿ ಮನೆಯ ಫ್ರಿಜ್ಜಿನ ಒಳಭಾಗಗಳೆಲ್ಲ ಕಣ್ಣಿಗೆ ಕಾಣುವಂತೆ ಹೊರಗೆ ಜೋಡಿಸಿರುತ್ತವೆ. ಕಪ್ಪು ಬಣ್ಣದ ಮುಚ್ಚಿದ ಕಂಪ್ರೆಸರ್, ಫ್ಯಾನ್ ಗಾಳಿಯಿಂದ ತಣಿಯುವ ಕಂಡೆನ್ಸರ್, ಡ್ರೈಯರ್, ಕ್ಯಾಪಿಲರಿ ನಳಿಕೆ, ನೀರಿನ ತೊಟ್ಟಿಯಲ್ಲಿ ಮುಳುಗಿರುವ ಇವಾಪೊರೇಟರ್ ಸುರುಳಿ. ಕಂಪ್ರೆಸರ್‌ನ ಎರಡೂ ಬದಿಗೆ ಒಂದೊಂದು ಒತ್ತಡದ ಗೇಜು, ಕೊಳವೆಗಳ ಮೇಲೆ ನಾಲ್ಕು ಥರ್ಮೋಕಪಲ್. T1 ಕಂಪ್ರೆಸರ್‌ಗೆ ಒಳಹೋಗುವ ಆವಿಯದು, T2 ಹೊರಬರುವ ಬಿಸಿ ಆವಿಯದು, T3 ಕಂಡೆನ್ಸರ್ ದಾಟಿದ ದ್ರವದ್ದು, T4 ಕ್ಯಾಪಿಲರಿ ದಾಟಿದ ಮೇಲಿನದು. ಈ ಅಂಕಿಗಳಿಂದ ಸಿಒಪಿ ಲೆಕ್ಕ ಹಾಕಬೇಕು, ಅಂದರೆ ಒಂದು ಪಾಲು ಕೆಲಸ ಖರ್ಚು ಮಾಡಿದರೆ ತಣ್ಣನೆಯ ಕಡೆಯಿಂದ ಎಷ್ಟು ಪಾಲು ಶಾಖ ಹೊರಗೆ ಬಂತು ಎಂಬುದನ್ನು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ, ಆರ್-134ಎ ತುಂಬಿದ ಇಂಥ ಟ್ರೈನರ್‌ನ ಎದುರು ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರಿಗೂ ಕೊನೆಯ ವರ್ಷದ ವಿದ್ಯಾರ್ಥಿನಿಗೂ ನಡೆಯುವ ಮಾತು ಇದು. ಅವರು ಎನರ್ಜಿ ಮೀಟರ್ ನಂಬುವವರು, ಆಕೆ ಒತ್ತಡ-ಎಂಥಾಲ್ಪಿ ನಕ್ಷೆಯನ್ನು ನಂಬುವವಳು.

ವಿದ್ಯಾರ್ಥಿನಿ: ಸರ್, ಮೆಷಿನ್ ಇನ್ನೂ ಆನ್ ಆಗಿಲ್ಲ, ಆದರೂ ಎರಡೂ ಗೇಜು ಆರೂಕಾಲು ಬಾರ್ ದಾಟಿ ನಿಂತಿವೆ. ಸೊನ್ನೆ ತೋರಿಸಬೇಕಿತ್ತಲ್ಲವೇ?

ಇನ್‌ಸ್ಟ್ರಕ್ಟರ್: ಸೊನ್ನೆ ತೋರಿಸಿದ್ದರೆ ಗ್ಯಾಸ್ ಪೂರ್ತಿ ಸೋರಿದೆ ಅಂತ ಅರ್ಥ. ನಿನ್ನೆ ಸಂಜೆಯಿಂದ ನಿಂತ ಮೆಷಿನ್ ಇದು. ಒಳಗೆ ಸ್ವಲ್ಪ ದ್ರವ, ಸ್ವಲ್ಪ ಆವಿ ಇದೆ, ಎಲ್ಲವೂ ಕೋಣೆಯ ತಾಪಮಾನಕ್ಕೆ ಬಂದಿದೆ. ಈಗ ಕೋಣೆಯಲ್ಲಿ 28 ಡಿಗ್ರಿ. 28 ಡಿಗ್ರಿಗೆ ಆರ್-134ಎಯ ಸಂತೃಪ್ತ ಒತ್ತಡ ಎಷ್ಟು, ಟೇಬಲ್ ನೋಡಿ ಹೇಳು.

ವಿದ್ಯಾರ್ಥಿನಿ: 7.27 ಬಾರ್. ಗೇಜು 6.36ರ ಹತ್ತಿರ ಇದೆ. ವಾತಾವರಣದ 1.013 ಕೂಡಿಸಿದರೆ 7.37 ಆಗುತ್ತದೆ. ಹೊಂದುವುದಿಲ್ಲ.

ಇನ್‌ಸ್ಟ್ರಕ್ಟರ್: 1.013 ಸಮುದ್ರಮಟ್ಟದ ಲೆಕ್ಕ. ಮಂಗಳೂರಿನ ಲ್ಯಾಬಿನಲ್ಲಿ ಅದನ್ನೇ ಬರೆಯಬಹುದು. ಬೆಂಗಳೂರು ಸಮುದ್ರದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ಈಗ ಕೂಡಿಸು.

ವಿದ್ಯಾರ್ಥಿನಿ: 7.27. ಸರಿಯಾಗಿ ಕೂತಿತು.

ಇನ್‌ಸ್ಟ್ರಕ್ಟರ್: ಹಾಗೆ ಕೂತರೆ ಗೇಜು ಎರಡೂ ನೆಟ್ಟಗಿವೆ ಎಂದು ಒಂದು ಮಟ್ಟಿಗೆ ನಂಬಬಹುದು. ಗೇಜು ಇದಕ್ಕಿಂತ ಹೆಚ್ಚು ತೋರಿಸಿದರೆ ಒಳಗೆ ಗಾಳಿ ಸೇರಿರಬಹುದು, ಕಡಿಮೆ ತೋರಿಸಿದರೆ ಗ್ಯಾಸ್ ಸೋರಿ ದ್ರವವೇ ಉಳಿದಿಲ್ಲದಿರಬಹುದು. ಆದರೆ ತೊಟ್ಟಿಯ ನೀರು ಇನ್ನೂ ತಣ್ಣಗಿದ್ದರೆ ಈ ಪರೀಕ್ಷೆ ನಡೆಯದು. ವ್ಯವಸ್ಥೆಯಲ್ಲಿ ಅತಿ ತಣ್ಣಗಿರುವ ಜಾಗ ಯಾವುದೋ, ನಿಂತ ಒತ್ತಡವನ್ನು ಅದೇ ನಿರ್ಧರಿಸುತ್ತದೆ.

ಮೆಷಿನ್ ಆನ್ ಆಗುತ್ತದೆ. ತೊಟ್ಟಿಯಲ್ಲಿ 20 ಕಿಲೋ ನೀರು, ಅದರೊಳಗೆ ಕಲಕುವ ರೆಕ್ಕೆ ಮತ್ತು ಒಂದು ಹೀಟರ್. ನೀರು 12 ಡಿಗ್ರಿಗೆ ಇಳಿದ ಮೇಲೆ ಹೀಟರ್ ಹಾಕಿ, ನೀರು ಏರದೆ ಇಳಿಯದೆ ನಿಲ್ಲುವವರೆಗೆ ಅದರ ವಿದ್ಯುತ್ತನ್ನು ಹೊಂದಿಸಲಾಗುತ್ತದೆ. ನೀರು ತಣಿಯುತ್ತಲೇ ಇದ್ದರೆ ಕೆಳಗಿನ ಒತ್ತಡವೂ ಇಳಿಯುತ್ತಲೇ ಇರುತ್ತದೆ, ಆಗ ಒಂದು ಕ್ಷಣದ ಒತ್ತಡಕ್ಕೂ ಅರ್ಧ ಗಂಟೆಯ ಸರಾಸರಿ ಶಾಖಕ್ಕೂ ತಾಳೆಯಾಗುವುದಿಲ್ಲ. ಐದೈದು ನಿಮಿಷಕ್ಕೆ ತೆಗೆದ ಮೂರು ಸಾಲು ಅಂಕಿಗಳು ಒಂದೇ ಬಂದ ಮೇಲೆ ಓದು ಶುರುವಾಗುತ್ತದೆ.

ವಿದ್ಯಾರ್ಥಿನಿ: ಕೆಳಗಿನ ಗೇಜು 1.1 ಬಾರ್, ಮೇಲಿನದು 10.7. ಎರಡಕ್ಕೂ 0.91 ಕೂಡಿಸಿದರೆ 2.01 ಮತ್ತು 11.61. ಟೇಬಲ್ ಪ್ರಕಾರ ಕೆಳಗೆ ಕುದಿಯುವುದು −10 ಡಿಗ್ರಿಯಲ್ಲಿ, ಮೇಲೆ ಸಾಂದ್ರವಾಗುವುದು 45 ಡಿಗ್ರಿಯಲ್ಲಿ.

ಇನ್‌ಸ್ಟ್ರಕ್ಟರ್: ಕೂಡಿಸದೆ ಬಿಟ್ಟಿದ್ದರೆ?

ವಿದ್ಯಾರ್ಥಿನಿ: 1.1 ಬಾರ್‌ಗೆ −24 ಡಿಗ್ರಿ. ಹದಿನಾಲ್ಕು ಡಿಗ್ರಿ ತಪ್ಪು! ಮೇಲಿನ ಕಡೆ ಅಷ್ಟು ತಪ್ಪಾಗುವುದಿಲ್ಲ, ಮೂರು ಡಿಗ್ರಿ ಇರಬಹುದು.

ಇನ್‌ಸ್ಟ್ರಕ್ಟರ್: ಅದಕ್ಕೇ ಕೆಳಗಿನ ಗೇಜಿನ ಮೇಲೆ ಕಣ್ಣು ಜಾಸ್ತಿ ಇಡಬೇಕು. ಸಮುದ್ರಮಟ್ಟದ 1.013 ಹಾಕಿದರೂ ಕೆಳಗೆ ಒಂದೂ ಕಾಲು ಡಿಗ್ರಿ ವ್ಯತ್ಯಾಸ ಬರುತ್ತದೆ, ಮೇಲೆ ಡಿಗ್ರಿಯ ಮೂರನೇ ಒಂದು ಪಾಲು ಅಷ್ಟೆ. ಈಗ T4 ನೋಡು.

ವಿದ್ಯಾರ್ಥಿನಿ: −9. ಗೇಜು ಹೇಳುವುದು −10. ಇದರಿಂದ h4 ಓದಬಹುದೇ?

ಇನ್‌ಸ್ಟ್ರಕ್ಟರ್: ಇಲ್ಲ. ಅಲ್ಲಿ ದ್ರವವೂ ಆವಿಯೂ ಬೆರೆತಿವೆ. ಅಂಥ ಮಿಶ್ರಣದಲ್ಲಿ ಒತ್ತಡ ಗೊತ್ತಾದರೆ ತಾಪಮಾನ ತಾನಾಗಿ ಗೊತ್ತಾಗುತ್ತದೆ, ಎರಡನೆಯದು ಹೊಸದೇನನ್ನೂ ಹೇಳದು. ಎಷ್ಟು ಪಾಲು ಆವಿ ಎಂಬುದು ಥರ್ಮೋಕಪಲ್‌ಗೆ ತಿಳಿಯುವುದಿಲ್ಲ. ಕ್ಯಾಪಿಲರಿಯಲ್ಲಿ ಎಂಥಾಲ್ಪಿ ಬದಲಾಗುವುದಿಲ್ಲ ಎಂದು ಇಟ್ಟುಕೊಂಡು h4ಗೆ h3 ಬೆಲೆಯನ್ನೇ ಕೊಡುತ್ತೇವೆ. T4 ಇರುವುದು ಗೇಜಿನ ಸಾಕ್ಷಿಗೆ. ಒಂದು ಡಿಗ್ರಿ ವ್ಯತ್ಯಾಸ ಒಪ್ಪಬಹುದು, ಥರ್ಮೋಕಪಲ್ ಕೊಳವೆಯ ಹೊರಮೈಗೆ ಕಟ್ಟಿದ್ದಲ್ಲವೇ. ಐದಾರು ಡಿಗ್ರಿ ಬಂದರೆ ನಿಲ್ಲಿಸಿ ಹುಡುಕಬೇಕು.

ವಿದ್ಯಾರ್ಥಿನಿ: T3 38 ಡಿಗ್ರಿ. 45ಕ್ಕಿಂತ ಏಳು ಡಿಗ್ರಿ ಕೆಳಗೆ, ಹಾಗಾಗಿ ಪೂರ್ತಿ ದ್ರವ. h3 ಅಂದರೆ 38 ಡಿಗ್ರಿಯ ದ್ರವದ ಎಂಥಾಲ್ಪಿ, ಕಿಲೋಗೆ 253.4 ಕಿಲೋಜೂಲ್. T1 10 ಡಿಗ್ರಿ. 2.01 ಬಾರ್‌ನಲ್ಲಿ 10 ಡಿಗ್ರಿಯ ಆವಿಗೆ h1 409.7. ಕಳೆದರೆ 156.3 ಕಿಲೋಜೂಲ್, ಪ್ರತಿ ಕಿಲೋ ಗ್ಯಾಸ್ ತೊಟ್ಟಿಯಿಂದ ಎತ್ತಿಕೊಂಡ ಶಾಖ.

ಇನ್‌ಸ್ಟ್ರಕ್ಟರ್: ಎರಡೂ ಒಂದೇ ಟೇಬಲ್‌ನಿಂದ ತೆಗೆದದ್ದು ತಾನೆ? ಒಂದು ಪುಸ್ತಕದಲ್ಲಿ 0 ಡಿಗ್ರಿಯ ದ್ರವಕ್ಕೆ 200 ಕೊಟ್ಟು ಎಣಿಕೆ ಶುರುಮಾಡಿರುತ್ತಾರೆ, ಇನ್ನೊಂದರಲ್ಲಿ −40 ಡಿಗ್ರಿಯ ದ್ರವಕ್ಕೆ ಸೊನ್ನೆ ಕೊಟ್ಟಿರುತ್ತಾರೆ. ಎರಡರ ನಡುವೆ ಸುಮಾರು 148 ಅಂತರ. h1 ಇದರಿಂದ, h4 ಅದರಿಂದ ತೆಗೆದರೆ ತಂಪು ಇದ್ದಕ್ಕಿದ್ದಂತೆ ಇಮ್ಮಡಿಯಾಗುತ್ತದೆ.

ವಿದ್ಯಾರ್ಥಿನಿ: ಒಂದೇ ಟೇಬಲ್ ಸರ್, 200ರದ್ದು. ಆದರೆ T1 ಕಂಪ್ರೆಸರ್‌ನ ಬಾಯಿಯಲ್ಲಿದೆ, ತೊಟ್ಟಿಯ ಬಾಯಿಯಲ್ಲಿಲ್ಲ. ದಾರಿಯಲ್ಲಿ ಕೋಣೆಯ ಶಾಖ ಕುಡಿದಿರಬಹುದಲ್ಲ?

ಇನ್‌ಸ್ಟ್ರಕ್ಟರ್: ಒಳ್ಳೆಯ ಪ್ರಶ್ನೆ. ಸುರುಳಿಯಿಂದ ಬರುವಾಗಲೇ ಅದು 0 ಡಿಗ್ರಿ ಇದ್ದಿದ್ದರೆ ತಂಪು ಎಂಟೂವರೆ ಕಿಲೋಜೂಲ್ ಕಡಿಮೆಯಾಗುತ್ತಿತ್ತು, ಶೇಕಡಾ 5ಕ್ಕಿಂತ ತುಸು ಹೆಚ್ಚು. ಇಲ್ಲಿ ಕೊಳವೆ ಗಿಡ್ಡ, ಮೇಲೆ ದಪ್ಪ ಫೋಮ್ ಸುತ್ತಿದೆ. ಹಾಗಾಗಿ ಈ ಮೆಷಿನ್‌ಗೆ ನಿನ್ನ ಅಂಕಿ ನಡೆಯುತ್ತದೆ. ಈಗ ಕೆಲಸದ ಲೆಕ್ಕ ಹಾಕು, ತಕರಾರು ಇರುವುದೇ ಅಲ್ಲಿ.

ವಿದ್ಯಾರ್ಥಿನಿ: T2 65 ಡಿಗ್ರಿ. 11.61 ಬಾರ್‌ನಲ್ಲಿ h2 444.0. ಕೆಲಸ ಅಂದರೆ h2 ಕಳೆ h1, 34.3. ಸಿಒಪಿ 156.3 ಭಾಗಿಸು 34.3, ಅಂದರೆ 4.56.

ಇನ್‌ಸ್ಟ್ರಕ್ಟರ್: ಈಗ ಆದರ್ಶ ಚಕ್ರದ್ದು ಹಾಕು. ಅದೇ T1ನಿಂದ ಎಂಟ್ರೊಪಿ ಬದಲಾಗದ ಗೆರೆಯ ಮೇಲೆ ಹತ್ತಿಸು.

ವಿದ್ಯಾರ್ಥಿನಿ: ಆ ಗೆರೆ 11.61 ಬಾರ್ ಮುಟ್ಟುವಾಗ ತಾಪಮಾನ 70 ಡಿಗ್ರಿ ದಾಟಿರುತ್ತದೆ. ಕೆಲಸ 40.5. ಸಿಒಪಿ 3.86. ಇದು ಹೇಗೆ ಸಾಧ್ಯ? ಘರ್ಷಣೆಯೇ ಇಲ್ಲದ ಕಂಪ್ರೆಸರ್‌ಗಿಂತ ನಮ್ಮದು ಉತ್ತಮವೇ?

ಇನ್‌ಸ್ಟ್ರಕ್ಟರ್: −10 ಮತ್ತು 45 ಡಿಗ್ರಿ ನಡುವೆ ಕಾರ್ನೊ ಮಿತಿ 263 ಭಾಗಿಸು 55, ಅಂದರೆ 4.78. ನಿನ್ನ ಅಂಕಿ ಅದಕ್ಕೂ ಹೆಚ್ಚುಕಡಿಮೆ ಅಂಟಿಕೊಂಡಿದೆ. ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಇಂಥ ಉತ್ತರಕ್ಕೆ 'ವಾಸ್ತವಿಕ ಸಿಒಪಿ' ಎಂದು ಹೆಸರಿಟ್ಟು, ಅಡಿಗೆರೆ ಎಳೆದು ಮುಂದೆ ಹೋಗುತ್ತಾರೆ. ನನಗೆ ಅದು ಸಹಿಸದು. ಮೀಟರ್ ನೋಡು. ಅದರ ಮೇಲೆ ಒಂದು ಯೂನಿಟ್‌ಗೆ 3200 ಮಿಣುಕು ಎಂದು ಬರೆದಿದೆ. ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್?

ವಿದ್ಯಾರ್ಥಿನಿ: 45. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್, ಹಾಗಾಗಿ ಒಂದು ಮಿಣುಕಿಗೆ 1125 ಜೂಲ್. ಹತ್ತಕ್ಕೆ 11,250, ಭಾಗಿಸು 45, ಸರಿಯಾಗಿ 250 ವ್ಯಾಟ್. ಹೀಟರ್‌ನ ಮೀಟರ್ 390 ವ್ಯಾಟ್ ತೋರಿಸುತ್ತಿದೆ.

ಇನ್‌ಸ್ಟ್ರಕ್ಟರ್: 390 ಭಾಗಿಸು 250, 1.56. ಕರೆಂಟ್ ಬಿಲ್ಲು ಕಟ್ಟುವವನಿಗೆ ಬೇಕಾದ ಸಿಒಪಿ ಇದು. ಇದಕ್ಕೆ ಟೇಬಲ್ಲೂ ಬೇಡ, ನಕ್ಷೆಯೂ ಬೇಡ.

ವಿದ್ಯಾರ್ಥಿನಿ: ಅಷ್ಟು ಬೇಗ ಒಪ್ಪಲಾರೆ ಸರ್. ತೊಟ್ಟಿ 12 ಡಿಗ್ರಿ, ಕೋಣೆ 28. ಹೊರಗಿನ ಶಾಖ ಒಳಗೆ ನುಗ್ಗುತ್ತಲೇ ಇದೆ, ಗ್ಯಾಸು ಅದನ್ನೂ ಹೊತ್ತು ಹಾಕುತ್ತಿದೆ. ನಿಮ್ಮ 390ರಲ್ಲಿ ಅದು ಎಲ್ಲಿದೆ?

ಇನ್‌ಸ್ಟ್ರಕ್ಟರ್: ಇಲ್ಲ, ನಿಜ. ಅಳೆಯಬಹುದು. ಕೊನೆಗೆ ಕಂಪ್ರೆಸರ್, ಹೀಟರ್ ಎರಡನ್ನೂ ಆರಿಸಿ, ಕಲಕುವ ರೆಕ್ಕೆಯನ್ನು ಮಾತ್ರ ಬಿಟ್ಟರೆ ಈ ನೀರು ಗಂಟೆಗೆ ಒಂದು ಡಿಗ್ರಿ ಏರುತ್ತದೆ.

ವಿದ್ಯಾರ್ಥಿನಿ: 20 ಕಿಲೋ ನೀರು ಗಂಟೆಗೆ ಒಂದು ಡಿಗ್ರಿ ಏರಿದರೆ 23 ವ್ಯಾಟ್. ರೆಕ್ಕೆಯ ಶಾಖವೂ ಅದರಲ್ಲೇ ಸೇರಿತು. ಹಾಗಾದರೆ ಸುರುಳಿ ಎತ್ತಿದ್ದು 413 ವ್ಯಾಟ್. ಇನ್ನೊಂದು ಪ್ರಶ್ನೆ. ಕಂಡೆನ್ಸರ್ ಫ್ಯಾನು ಇದೇ ಮೀಟರ್ ಮೇಲಿದೆಯೇ?

ಇನ್‌ಸ್ಟ್ರಕ್ಟರ್: ಇದೆ. ರೆಕ್ಕೆಯ ಮೋಟಾರು ಬೇರೆ ಲೈನಿನಲ್ಲಿದೆ, ಫ್ಯಾನ್ ಮಾತ್ರ ಇದರಲ್ಲಿ. ಫ್ಯಾನ್ ಒಂದನ್ನೇ ಓಡಿಸಿದರೆ ಹತ್ತು ಮಿಣುಕಿಗೆ 320 ಸೆಕೆಂಡ್ ಬೇಕು, ಅಂದರೆ 35 ವ್ಯಾಟ್.

ವಿದ್ಯಾರ್ಥಿನಿ: ಹಾಗಾದರೆ ಕಂಪ್ರೆಸರ್‌ಗೆ ಹೋದದ್ದು 215. ಸಿಒಪಿ 413 ಭಾಗಿಸು 215, ಅಂದರೆ 1.92. ಫ್ಯಾನ್ ಸೇರಿಸಿದರೆ 1.65. ಮೀಟರ್ ಕೂಡ ಒಂದೇ ಉತ್ತರ ಕೊಡಲಿಲ್ಲ ಸರ್. ಎಲ್ಲಿಂದ ಎಲ್ಲಿಗೆ ಗೆರೆ ಎಳೆಯುತ್ತೇವೋ ಅದಕ್ಕೆ ತಕ್ಕ ಉತ್ತರ ಕೊಟ್ಟಿತು.

ಇನ್‌ಸ್ಟ್ರಕ್ಟರ್: ಒಪ್ಪುತ್ತೇನೆ. ಆದರೆ 1.56 ಇರಲಿ, 1.92 ಇರಲಿ, ಯಾವುದೂ 4.56 ಅಲ್ಲ. ನಿನ್ನ ನಕ್ಷೆಯ ಮೇಲೆ ಈ ಅಂತರಕ್ಕೆ ಕಾರಣ ತೋರಿಸು.

ವಿದ್ಯಾರ್ಥಿನಿ: ಮೊದಲು T2 ಥರ್ಮೋಕಪಲ್ ನೋಡೋಣ. ಬರಿ ತಾಮ್ರದ ಕೊಳವೆಗೆ ಟೇಪ್ ಹಚ್ಚಿ ಕಟ್ಟಿದೆ, ಫ್ಯಾನಿನ ಗಾಳಿ ಅದರ ಮೇಲೇ ಬೀಸುತ್ತಿದೆ. ಫೋಮ್ ಸುತ್ತಿ ಹತ್ತು ನಿಮಿಷ ಬಿಟ್ಟು ಓದಿದರೆ ಬದಲಾಗಬಹುದು.

ಫೋಮ್ ಸುತ್ತಿದ ಮೇಲೆ T2 69 ಡಿಗ್ರಿಗೆ ಏರಿ ನಿಲ್ಲುತ್ತದೆ, ಉಳಿದ ಅಂಕಿಗಳು ಇದ್ದಲ್ಲೇ ಇರುತ್ತವೆ. h2 448.3, ಕೆಲಸ 38.6, ಸಿಒಪಿ 4.05. ನಾಲ್ಕು ಡಿಗ್ರಿಯ ಬದಲಾವಣೆ ಉತ್ತರವನ್ನು 0.5ರಷ್ಟು ಅಲುಗಿಸಲು ಕಾರಣವಿದೆ. h2 ಮತ್ತು h1 ಎರಡೂ ನಾನೂರರ ಮೇಲಿನ ದೊಡ್ಡ ಸಂಖ್ಯೆಗಳು, ಕೆಲಸವೆಂದು ಬರೆಯುವುದು ಅವುಗಳ ನಡುವಿನ ಸಣ್ಣ ಅಂತರವನ್ನು. T2ನಲ್ಲಿ ಒಂದು ಡಿಗ್ರಿ ತಪ್ಪಿದರೆ ಆ ಅಂತರ ಶೇಕಡಾ 3ರಷ್ಟು ತಪ್ಪುತ್ತದೆ. T3ನಲ್ಲಿ ಒಂದು ಡಿಗ್ರಿ ತಪ್ಪಿದರೆ ತಂಪಿನ ಲೆಕ್ಕ ಶೇಕಡಾ 1ರಷ್ಟು ಮಾತ್ರ ತಪ್ಪುತ್ತದೆ. ನಾಲ್ಕು ಥರ್ಮೋಕಪಲ್‌ಗಳಲ್ಲಿ ಅತಿ ಜೋಪಾನವಾಗಿ ಕಟ್ಟಬೇಕಾದದ್ದು T2, ಟ್ರೈನರ್‌ಗಳಲ್ಲಿ ಅತಿ ಅಲಕ್ಷ್ಯಕ್ಕೆ ಒಳಗಾಗುವುದೂ ಅದೇ.

ಇನ್‌ಸ್ಟ್ರಕ್ಟರ್: ಚೆನ್ನಾಗಿ ಸುತ್ತಿದೆ. ಆದರೂ 69 ಡಿಗ್ರಿ ಆದರ್ಶ ಗೆರೆಗಿಂತ ಕೆಳಗೇ ಇದೆ. ಈಗ ಥರ್ಮೋಕಪಲ್ ಮೇಲೆ ತಪ್ಪು ಹೊರಿಸಲಾಗದು.

ವಿದ್ಯಾರ್ಥಿನಿ: ಕಂಪ್ರೆಸರ್ ಮೈ ಮುಟ್ಟಲಾಗದಷ್ಟು ಬಿಸಿ ಇದೆ. ಅಲ್ಲಿಂದ ಶಾಖ ಕೋಣೆಗೆ ಹೋಗುತ್ತಿದೆ. ಹಾಗಿದ್ದರೆ h2 ಕಳೆ h1 ಎಂಬುದು ಕೆಲಸವೇ ಅಲ್ಲ. ಒಳಗೆ ಬಂದ ವಿದ್ಯುತ್ತಿನಲ್ಲಿ ಮೈಯಿಂದ ಸೋರಿದ್ದು ಹೋಗಿ, ಗ್ಯಾಸಿನಲ್ಲಿ ಉಳಿದದ್ದು ಮಾತ್ರ ಅದು. ಶಾಖ ಸೋರುವುದಿಲ್ಲ ಎಂದು ಒಪ್ಪಿಕೊಂಡಾಗ ಮಾತ್ರ ಅದನ್ನು ಕೆಲಸ ಎನ್ನಬಹುದು.

ಇನ್‌ಸ್ಟ್ರಕ್ಟರ್: ಅದೇ ವಿಷಯ! ಜೊತೆಗೆ ಇನ್ನೊಂದು ಇದೆ. ಈ ಮುಚ್ಚಿದ ಡಬ್ಬಿಯಲ್ಲಿ ಮೋಟಾರೂ ಒಳಗೇ ಕೂತಿದೆ. ತಣ್ಣನೆಯ ಆವಿ ಮೊದಲು ಡಬ್ಬಿಯೊಳಗೆ ಹರಡಿ, ಮೋಟಾರಿನ ಬಿಸಿ ಕುಡಿದು, ಆಮೇಲೆ ಸಿಲಿಂಡರ್‌ಗೆ ಹೋಗುತ್ತದೆ. T1 10 ಡಿಗ್ರಿ ಎಂದರೂ ಪಿಸ್ಟನ್ ಒತ್ತಲು ಶುರುಮಾಡುವುದು ಅದಕ್ಕಿಂತ ಎಷ್ಟೋ ಬಿಸಿಯಾದ ಆವಿಯನ್ನು. ನೀನು 10 ಡಿಗ್ರಿಯಿಂದ ಎಳೆದ ಆದರ್ಶ ಗೆರೆ ಹೋಲಿಕೆಗೆ ಸರಿ, ಆದರೆ ಸಿಲಿಂಡರ್ ಒಳಗೆ ನಡೆಯುವುದು ಅದಲ್ಲ. ಇಷ್ಟೆಲ್ಲ ಅಡ್ಡಿ ಇರುವಾಗ T2 ಯಾಕೆ ಬೇಕು? ಕಿತ್ತು ಹಾಕಿ ಮೀಟರ್ ಒಂದನ್ನೇ ಇಟ್ಟುಕೊಳ್ಳಬಾರದೇ?

ವಿದ್ಯಾರ್ಥಿನಿ: ಬೇಡ ಸರ್, ಅದು ಬೇರೆಯದಕ್ಕೆ ಬೇಕು. ಸುರುಳಿ ಎತ್ತಿದ್ದು 413 ವ್ಯಾಟ್, ಪ್ರತಿ ಕಿಲೋ ಗ್ಯಾಸ್ ಎತ್ತಿದ್ದು 156.3 ಕಿಲೋಜೂಲ್. ಭಾಗಿಸಿದರೆ ಸೆಕೆಂಡಿಗೆ 2.64 ಗ್ರಾಂ ಗ್ಯಾಸ್ ಓಡುತ್ತಿದೆ. ಅದನ್ನು 38.6ರಿಂದ ಗುಣಿಸಿದರೆ ಗ್ಯಾಸ್ ಹೊತ್ತು ಹೋದದ್ದು 102 ವ್ಯಾಟ್. ಒಳಗೆ ಬಂದದ್ದು 215. ಉಳಿದ 113 ವ್ಯಾಟ್ ಡಬ್ಬಿಯ ಮೈಯಿಂದ ಕೋಣೆಗೆ ಹೋಯಿತು. ಮೀಟರ್ ಒಂದೇ ಇದ್ದರೆ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ಕಂಪ್ರೆಸರ್ ಮೈಯಲ್ಲೇ ಶಾಖವಾಗಿ ಹೋಗುತ್ತಿದೆ ಎಂದು ಹೇಗೆ ತಿಳಿಯುತ್ತಿತ್ತು?

ಇನ್‌ಸ್ಟ್ರಕ್ಟರ್: ತಿಳಿಯುತ್ತಿರಲಿಲ್ಲ. ಆದರ್ಶ ಕೆಲಸವನ್ನೂ ಅದೇ ಹರಿವಿನಿಂದ ಗುಣಿಸು.

ವಿದ್ಯಾರ್ಥಿನಿ: 2.64 ಗುಣಿಸು 40.5, 107 ವ್ಯಾಟ್. ಅದನ್ನು 215ರಿಂದ ಭಾಗಿಸಿದರೆ ಅರ್ಧ. ಅಂದರೆ ಮೋಟಾರಿನ ನಷ್ಟ, ಘರ್ಷಣೆ, ವಾಲ್ವುಗಳ ನಷ್ಟ ಎಲ್ಲ ಸೇರಿ ಅರ್ಧದಷ್ಟು ಹೋಗುತ್ತಿದೆ. ಆದರ್ಶ ಸಿಒಪಿ 3.86ರ ಅರ್ಧ 1.93, ಮೀಟರ್ ಕೊಟ್ಟ 1.92ಕ್ಕೆ ಸರಿಹೊಂದಿತು.

ಇನ್‌ಸ್ಟ್ರಕ್ಟರ್: ಅದರಲ್ಲಿ ಆಶ್ಚರ್ಯವಿಲ್ಲಮ್ಮ. ಹರಿವನ್ನು ನೀನು ತಂಪಿನಿಂದಲೇ ಲೆಕ್ಕ ಹಾಕಿದ್ದರಿಂದ ಅದು ಹೊಂದಲೇಬೇಕು, ಅದನ್ನು ಬೇರೆ ಸಾಕ್ಷಿ ಎನ್ನುವಂತಿಲ್ಲ. ಸಾಕ್ಷಿ ಬೇಕಿದ್ದರೆ ದ್ರವದ ಸಾಲಿನಲ್ಲಿರುವ ರೋಟಾಮೀಟರ್ ಓದಬೇಕು. ಗಂಟೆಗೆ ಒಂಬತ್ತೂವರೆ ಕಿಲೋ ಆಸುಪಾಸು ತೋರಿಸಿದರೆ ನಿನ್ನ 2.64 ನಿಲ್ಲುತ್ತದೆ. ಆದರೆ ಅದರ ಗಾಜಿನ ಮೇಲಿನ ಗುರುತು ಯಾವ ದ್ರವಕ್ಕೆ ಹಾಕಿದ್ದು ಎಂದು ಮೊದಲು ನೋಡು. ನೀರಿಗೆ ಹಾಕಿದ್ದಾದರೆ ಸಾಂದ್ರತೆಯ ತಿದ್ದುಪಡಿ ಬೇಕು. ಗಾಜಿನಲ್ಲಿ ಗುಳ್ಳೆ ಕಂಡರೆ ಓದಲೇಬೇಡ, ಆಗ T3 ಹತ್ತಿರ ಪೂರ್ತಿ ದ್ರವ ಇಲ್ಲ, ನಿನ್ನ h3 ಕೂಡ ಬಿದ್ದುಹೋಗುತ್ತದೆ.

ವಿದ್ಯಾರ್ಥಿನಿ: ಗುಳ್ಳೆ ಇಲ್ಲ. ಹಾಗಾದರೆ ರೆಕಾರ್ಡ್‌ನಲ್ಲಿ ಸಿಒಪಿ ಎಂದು ಯಾವುದನ್ನು ಬರೆಯಲಿ?

ಇನ್‌ಸ್ಟ್ರಕ್ಟರ್: ನನ್ನನ್ನು ಕೇಳಿದರೆ 1.65. ಫ್ಯಾನ್ ಇಲ್ಲದೆ ಈ ಮೆಷಿನ್ ಓಡುವುದಿಲ್ಲ, ಅದರ ಕರೆಂಟನ್ನು ಬಿಟ್ಟು ಬರೆಯುವುದು ಸರಿಯಲ್ಲ.

ವಿದ್ಯಾರ್ಥಿನಿ: ನಾನು 1.92 ಮತ್ತು 3.86 ಎರಡನ್ನೂ ಬರೆಯುತ್ತೇನೆ. ಒಂದು ಕಂಪ್ರೆಸರ್‌ನ ಸ್ಥಿತಿ, ಇನ್ನೊಂದು ಈ ಎರಡು ಒತ್ತಡಗಳ ನಡುವೆ ಆರ್-134ಎಯಿಂದ ನಿರೀಕ್ಷಿಸಬಹುದಾದದ್ದು. ಬರಿ 1.65 ಬರೆದರೆ ತಪ್ಪು ಫ್ಯಾನಿನದೋ, ಮೋಟಾರಿನದೋ, ಕೊಳಕು ಕಂಡೆನ್ಸರ್‌ನದೋ ಓದುವವರಿಗೆ ಗೊತ್ತಾಗುವುದಿಲ್ಲ.

ಇನ್‌ಸ್ಟ್ರಕ್ಟರ್: ಬರಿ 3.86 ಬರೆದರೆ ಕಂಪ್ರೆಸರ್ ಸುಟ್ಟುಹೋಗುವ ಹಂತದಲ್ಲಿದ್ದರೂ ಗೊತ್ತಾಗುವುದಿಲ್ಲ. ಒತ್ತಡಗಳು ಅವೇ ಇದ್ದರೆ ಆ ಅಂಕಿಯೂ ಅದೇ ಇರುತ್ತದೆ. ಎಲ್ಲವನ್ನೂ ಬರಿ, ಆದರೆ ಪ್ರತಿಯೊಂದರ ಪಕ್ಕದಲ್ಲಿ ಶಾಖವನ್ನು ಎಲ್ಲಿ ಅಳೆದೆ, ಕೆಲಸವನ್ನು ಎಲ್ಲಿ ಅಳೆದೆ ಎಂದು ಹೇಳು. 4.56ನ್ನೂ ಅಳಿಸಬೇಡ, T2 ಸುತ್ತದೆ ಓದಿದ್ದು ಎಂದು ಗುರುತು ಹಾಕು.

ವಿದ್ಯಾರ್ಥಿನಿ: ಮುಂದಿನ ಓದಿಗೆ ಕಂಡೆನ್ಸರ್‌ನ ಅರ್ಧ ಭಾಗಕ್ಕೆ ರಟ್ಟು ಮುಚ್ಚೋಣವೇ ಸರ್? ಮೇಲಿನ ಗೇಜು 12.3ಕ್ಕೆ ಏರಿದರೆ ಸಾಂದ್ರ ತಾಪಮಾನ 50 ಡಿಗ್ರಿ. ಆದರ್ಶ ಸಿಒಪಿ ಇಳಿದಷ್ಟೇ ಪಾಲು ಮೀಟರಿನದೂ ಇಳಿಯುತ್ತದೆಯೇ ನೋಡಬೇಕು.

ಇನ್‌ಸ್ಟ್ರಕ್ಟರ್: ಮುಚ್ಚು, ಆದರೆ ಹೈ ಪ್ರೆಷರ್ ಕಟೌಟ್ ಎಷ್ಟಕ್ಕೆ ಸೆಟ್ ಆಗಿದೆ ಎಂದು ಮೊದಲು ನೋಡಿಕೊ. ಅದು ಬಿದ್ದು ಮೆಷಿನ್ ನಿಂತರೆ ತಕ್ಷಣ ಮತ್ತೆ ಆನ್ ಮಾಡಬೇಡ. ಕ್ಯಾಪಿಲರಿ ಮೂಲಕ ಎರಡೂ ಒತ್ತಡ ಒಂದಾಗಲು ಕೆಲವು ನಿಮಿಷ ಬೇಕು, ಅದಕ್ಕೂ ಮೊದಲು ಈ ಮೋಟಾರಿಗೆ ತಿರುಗುವ ಶಕ್ತಿ ಇರುವುದಿಲ್ಲ. ರಟ್ಟು ಹಾಕಿದ ಮೇಲೆ ನೀರು ಮತ್ತೆ 12 ಡಿಗ್ರಿಯಲ್ಲಿ ನಿಲ್ಲುವಂತೆ ಹೀಟರನ್ನು ಹೊಂದಿಸಿ, ಮೂರು ಸಾಲು ಒಂದೇ ಬರುವವರೆಗೆ ಕಾದು ಓದು.